ಗೂಗಲ್ ತೋರಿಸುವ ವಿನಿಮಯ ದರಕ್ಕೆ ದುಡ್ಡು ಯಾರೂ ಯಾಕೆ ಕೊಡುವುದಿಲ್ಲ?

ಪ್ರಶ್ನೆ: ಪ್ರವಾಸಕ್ಕೆಂದು 1000 ಡಾಲರ್ ಕೊಟ್ಟು ಯೂರೋ ತೆಗೆದುಕೊಳ್ಳಲು ಹೋಗಿದ್ದೆ. ಹೊರಡುವ ಮುಂಚೆ ಗೂಗಲ್‌ನಲ್ಲಿ ನೋಡಿದರೆ 909 ಯೂರೋ ಬರುತ್ತದೆ ಅಂತ ಇತ್ತು. ಕೌಂಟರಿನಲ್ಲಿ ಕೈಗೆ ಬಂದದ್ದು 865 ಮಾತ್ರ. ‘ಕಮಿಷನ್ ಇಲ್ಲ’ ಅಂತ ದೊಡ್ಡದಾಗಿ ಬೋರ್ಡ್ ಬೇರೆ ಹಾಕಿದ್ದರು. ನನಗೆ ಮೋಸ ಆಯಿತೇ? ಬ್ಯಾಂಕಿಗೆ ಹೋಗಿದ್ದರೆ ಗೂಗಲ್ ದರ ಸಿಗುತ್ತಿತ್ತೇ?

ಉತ್ತರ: ಮೋಸ ಎನ್ನುವಂಥದ್ದೇನೂ ಆಗಿಲ್ಲ, ಆದರೆ ದುಬಾರಿಯಂತೂ ಆಗಿದೆ. ಎರಡನೆಯ ಪ್ರಶ್ನೆಗೆ ಉತ್ತರ ಇನ್ನೂ ಚಿಕ್ಕದು: ಬ್ಯಾಂಕಿನಲ್ಲೂ ಸಿಗುತ್ತಿರಲಿಲ್ಲ. ಆ ದರಕ್ಕೆ ಯೂರೋ ನೋಟು ಮಾರುವವರು ಎಲ್ಲಿಯೂ ಇಲ್ಲ. ಏಕೆಂದರೆ ನೀವು ಪರದೆಯ ಮೇಲೆ ನೋಡಿದ್ದು ಬೆಲೆಯೇ ಅಲ್ಲ; ಎರಡು ಬೆಲೆಗಳನ್ನು ಕೂಡಿಸಿ ಎರಡರಿಂದ ಭಾಗಿಸಿದಾಗ ಬಂದ ಒಂದು ಸಂಖ್ಯೆ.

ವಿದೇಶಿ ವಿನಿಮಯದಲ್ಲಿ ಯಾವ ಕರೆನ್ಸಿಗೂ ಒಂದೇ ಬೆಲೆ ಎಂಬುದಿಲ್ಲ, ಯಾವಾಗಲೂ ಎರಡು. ‘ನನಗೆ ಯೂರೋ ಕೊಡಿ, ಇಷ್ಟು ಡಾಲರ್ ಕೊಡುತ್ತೇನೆ’ ಎನ್ನುವವನದು ಒಂದು. ‘ನನ್ನ ಯೂರೋ ಬೇಕಾದರೆ ಇಷ್ಟು ಡಾಲರ್ ಕೊಡಿ’ ಎನ್ನುವವನದು ಇನ್ನೊಂದು. ಎರಡನೆಯದು ಯಾವಾಗಲೂ ತುಸು ಜಾಸ್ತಿ. ದೊಡ್ಡ ಬ್ಯಾಂಕುಗಳು ತಮ್ಮ ತಮ್ಮೊಳಗೆ ವ್ಯವಹರಿಸುವಾಗ ಈ ಅಂತರ ಕೂದಲೆಳೆಯಷ್ಟು. ಉದಾಹರಣೆಗೆ ಒಬ್ಬ ಡೀಲರ್ ಯೂರೋವನ್ನು 1.0999 ಡಾಲರಿಗೆ ಕೊಳ್ಳಲು ಸಿದ್ಧ, ಇನ್ನೊಬ್ಬ 1.1001ಕ್ಕೆ ಮಾರಲು ಸಿದ್ಧ ಎಂದುಕೊಳ್ಳಿ. ಇವೆರಡರ ನಟ್ಟನಡುವೆ 1.1000 ಇದೆ. ಗೂಗಲ್‌ನಂಥ ಹುಡುಕು ತಾಣಗಳು ತೋರಿಸುವುದು ಆ ನಡುವಿನ ಸಂಖ್ಯೆಯನ್ನು. ಈ ವ್ಯವಹಾರದಲ್ಲಿ ಕೆಲಸ ಮಾಡಿದ ನಾವು ಇದಕ್ಕೆ ಮಿಡ್ ರೇಟ್ ಎನ್ನುತ್ತೇವೆ. ಚೌಕಾಸಿಯಲ್ಲಿ ಒಬ್ಬ ತೊಂಬತ್ತು ಅಂದ, ಇನ್ನೊಬ್ಬ ನೂರಹತ್ತು ಅಂದ. ಪಕ್ಕದಲ್ಲಿ ನಿಂತವನು ‘ಹಾಗಾದರೆ ಇದರ ಬೆಲೆ ನೂರು’ ಎಂದು ಬರೆದುಕೊಂಡ. ಲೆಕ್ಕ ತಪ್ಪಲ್ಲ. ಆದರೆ ಆ ಇಬ್ಬರಲ್ಲಿ ಯಾರೂ ನೂರು ಎಂದಿಲ್ಲ.

ಆ ಕೂದಲೆಳೆಯ ಅಂತರ ಕೂಡ ಎಂಥ ವ್ಯವಹಾರಕ್ಕೆ ಎಂಬುದನ್ನು ಗಮನಿಸಬೇಕು. ಅಂತರರಾಷ್ಟ್ರೀಯ ಪಾವತಿಗಳ ಬ್ಯಾಂಕು 2022ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ಜಗತ್ತಿನ ಫಾರೆಕ್ಸ್ ಮಾರುಕಟ್ಟೆಯಲ್ಲಿ ದಿನಕ್ಕೆ ಸುಮಾರು 7.5 ಲಕ್ಷ ಕೋಟಿ ಡಾಲರಿನ ವಹಿವಾಟು ನಡೆಯುತ್ತಿತ್ತು. ಅಲ್ಲಿ ಹತ್ತು ಲಕ್ಷದ ಲೆಕ್ಕದಲ್ಲಿ ಮಾತು. ಒಂದು ನೋಟೂ ಕೈ ಬದಲಾಗುವುದಿಲ್ಲ. ಒಂದು ಖಾತೆಯಲ್ಲಿ ಕಳೆದು ಇನ್ನೊಂದರಲ್ಲಿ ಕೂಡುತ್ತಾರೆ, ಅದೂ ಸಾಮಾನ್ಯವಾಗಿ ಎರಡು ಕೆಲಸದ ದಿನಗಳ ನಂತರ. ನೀವು ಕೇಳಿದ್ದು ಸಾವಿರ ಡಾಲರಿಗೆ, ಕಾಗದದ ನೋಟುಗಳನ್ನು, ಈಗಲೇ, ಕೈಗೆ. ಎರಡಕ್ಕೂ ‘ಯೂರೋ’ ಎಂದೇ ಹೆಸರಿದ್ದರೂ ಮಾರುವವನ ದೃಷ್ಟಿಯಲ್ಲಿ ಇವು ಎರಡು ಬೇರೆ ಬೇರೆ ಸರಕು.

ಇದನ್ನು ಯಾರೂ ಮುಚ್ಚಿಟ್ಟಿಲ್ಲ ಎನ್ನುವುದನ್ನೂ ಹೇಳಿಬಿಡಬೇಕು. ಗೂಗಲ್‌ನ ಆ ಪೆಟ್ಟಿಗೆಯ ಕೆಳಗೆ ಸಣ್ಣಕ್ಷರದಲ್ಲಿ Disclaimer ಎಂಬ ಕೊಂಡಿ ಇರುತ್ತದೆ. ಒತ್ತಿದರೆ, ದರಗಳ ನಿಖರತೆಗೆ ತಾವು ಹೊಣೆಯಲ್ಲ, ವ್ಯವಹಾರ ಮಾಡುವ ಮುನ್ನ ಸದ್ಯದ ದರವನ್ನು ನೀವೇ ಖಚಿತಪಡಿಸಿಕೊಳ್ಳಿ ಎಂಬರ್ಥದ ಮಾತು ಸಿಗುತ್ತದೆ. ಯೂರೋಪಿನ ಕೇಂದ್ರೀಯ ಬ್ಯಾಂಕ್ ಕೂಡ ಕೆಲಸದ ದಿನಗಳಲ್ಲಿ ಮಧ್ಯ ಯೂರೋಪಿನ ಸಮಯ ಸಂಜೆ ನಾಲ್ಕರ ಸುಮಾರಿಗೆ ತನ್ನ ಉಲ್ಲೇಖ ದರಗಳನ್ನು ಪ್ರಕಟಿಸುತ್ತದೆ. ಜೊತೆಗೆ, ಇವು ಮಾಹಿತಿಗಾಗಿ ಮಾತ್ರ, ಇವನ್ನಿಟ್ಟುಕೊಂಡು ವ್ಯವಹಾರ ಕುದುರಿಸಬೇಡಿ ಎಂದೂ ಹೇಳುತ್ತದೆ. ಥರ್ಮಾಮೀಟರ್ ನೋಡಿ ಹವೆ ಎಷ್ಟು ಬಿಸಿ ಎಂದು ತಿಳಿಯಬಹುದು, ಅದರಲ್ಲಿ ನೀರು ಕಾಯಿಸಲಾಗದು. ಈ ದರಗಳ ಕಥೆಯೂ ಅಷ್ಟೇ.

ಹಾಗಾದರೆ 1.10ರಿಂದ ನಿಮ್ಮ ಕೌಂಟರಿನ ದರದವರೆಗೆ ನಡುವೆ ಏನೇನಾಗುತ್ತದೆ? ಸಾವಿರ ಡಾಲರಿಗೆ 865 ಚಿಲ್ಲರೆ ಯೂರೋ ಬಂದಿದೆ ಎಂದರೆ ನಿಮಗೆ ಯೂರೋ ಮಾರಿದ ದರ 1.155. ನಡುವಿನ ದರದ ಮೇಲೆ ಸರಿಯಾಗಿ ನೂರಕ್ಕೆ ಐದು ಏರಿಸಿದ್ದಾರೆ. ಈ ಐದರಲ್ಲಿ ಎಷ್ಟು ಖರ್ಚು, ಎಷ್ಟು ಲಾಭ ಎಂಬುದು ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ. ಆದರೆ ಖರ್ಚಿನ ಬಾಬತ್ತುಗಳು ಎಲ್ಲ ಕಡೆ ಒಂದೇ ಬಗೆಯವು.

ಕೌಂಟರಿನವನು ಯೂರೋ ನೋಟುಗಳನ್ನು ಎರಡು ದಾರಿಯಲ್ಲಿ ಸಂಪಾದಿಸುತ್ತಾನೆ. ಪ್ರವಾಸ ಮುಗಿಸಿ ಬಂದವರು ಉಳಿದದ್ದನ್ನು ಮಾರಿದರೆ ಅವನಿಗೆ ಹಬ್ಬ, ಅಗ್ಗದಲ್ಲಿ ಸಿಕ್ಕ ಸರಕು ಅದು. ಅದು ಸಾಲದಾದಾಗ ನೋಟುಗಳ ಸಗಟು ವ್ಯಾಪಾರ ಮಾಡುವ ಬ್ಯಾಂಕಿನಿಂದ ತರಿಸಬೇಕು. ಆ ಸಗಟು ವ್ಯಾಪಾರಿ ತನ್ನ ಲಾಭದ ಅಂಚನ್ನು ಸೇರಿಸಿಯೇ ಕೊಡುತ್ತಾನೆ. ನೋಟುಗಳ ಕಂತೆ ಭದ್ರತೆಯ ವಾಹನದಲ್ಲಿ, ವಿಮೆ ಮಾಡಿಸಿಕೊಂಡು ಬರುತ್ತದೆ. ಬಂದ ಮೇಲೆ ತಿಜೋರಿಯಲ್ಲಿ ಸುಮ್ಮನೆ ಕೂರುತ್ತದೆ. ಖಾತೆಯಲ್ಲಿದ್ದ ಹಣವಾದರೆ ಬಡ್ಡಿ ತರುತ್ತಿತ್ತು. ಈ ನೋಟುಗಳು ಗಿರಾಕಿ ಬರುವ ತನಕ ಬರೀ ಕಾಗದ.

ಇವೆಲ್ಲಕ್ಕಿಂತ ಅವನನ್ನು ಹೆಚ್ಚು ಕಾಡುವುದು ದರದ ಏರಿಳಿತ. ಹೆಚ್ಚಿನ ಕೌಂಟರುಗಳಲ್ಲಿ ಬೆಳಿಗ್ಗೆ ದರ ನಿಗದಿಯಾಗಿ ಬೋರ್ಡಿಗೆ ಏರುತ್ತದೆ. ಮಾರುಕಟ್ಟೆ ತೀರಾ ಹುಚ್ಚೆದ್ದ ದಿನ ಬಿಟ್ಟರೆ ಸಂಜೆವರೆಗೆ ಅದೇ ಇರುತ್ತದೆ. ಈ ಮಧ್ಯೆ ನಿಮ್ಮ ಮೊಬೈಲಿನ ಸಂಖ್ಯೆ ನೂರಾರು ಸಲ ಅಲುಗಾಡಿರುತ್ತದೆ. ಮಧ್ಯಾಹ್ನ ಯೂರೋ ಅರ್ಧ ಪರ್ಸೆಂಟ್ ಏರಿತು ಎಂದುಕೊಳ್ಳಿ. ಬೆಳಗಿನ ದರದಲ್ಲೇ ಮಾರುತ್ತ ಕುಳಿತವನು ಪ್ರತಿ ಗಿರಾಕಿಯ ಮೇಲೂ ಆ ಅರ್ಧ ಪರ್ಸೆಂಟನ್ನು ತನ್ನ ಜೇಬಿನಿಂದ ಹಾಕುತ್ತಾನೆ. ಹಾಗಾಗಬಾರದೆಂದು ಬೆಳಿಗ್ಗೆಯೇ ಬೋರ್ಡಿನ ದರದೊಳಗೆ ಒಂದಿಷ್ಟು ಮೆತ್ತೆ ತುಂಬಿಟ್ಟಿರುತ್ತಾನೆ. ದರ ಅಷ್ಟಾಗಿ ಕುಣಿಯದ, ಎಲ್ಲರೂ ಕೇಳುವ ಕರೆನ್ಸಿಗೆ ಮೆತ್ತೆ ತೆಳು. ತಿಂಗಳಿಗೊಬ್ಬ ಗಿರಾಕಿ ಕೇಳುವ ಕರೆನ್ಸಿಗೆ ದಪ್ಪ, ಯಾಕೆಂದರೆ ಆ ನೋಟುಗಳು ತಿಜೋರಿಯಲ್ಲಿ ಎಷ್ಟು ದಿನ ಕೂರುತ್ತವೋ, ಅಷ್ಟರೊಳಗೆ ದರ ಎಲ್ಲಿಗೆ ಹೋಗುತ್ತದೋ ಅವನಿಗೂ ಗೊತ್ತಿಲ್ಲ. ಖೋಟಾ ನೋಟಿನ ನಷ್ಟ, ಅಂಗಡಿ ಬಾಡಿಗೆ, ಸಂಬಳ ಇವೆಲ್ಲ ಇದ್ದದ್ದೇ. ವಿಮಾನ ನಿಲ್ದಾಣದ ಕೌಂಟರುಗಳಲ್ಲಿ ದರ ಕೆಡಲು ಅಲ್ಲಿನ ಬಾಡಿಗೆ ಒಂದು ಕಾರಣ. ಇನ್ನೊಂದು ಕಾರಣವನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ: ಸೂಟ್‌ಕೇಸ್ ಎಳೆದುಕೊಂಡು ಬಂದವನಿಗೆ ಬೇರೆ ಅಂಗಡಿ ಹುಡುಕಿಕೊಂಡು ಹೋಗುವ ಪುರುಸೊತ್ತು ಇಲ್ಲ.

‘ಕಮಿಷನ್ ಇಲ್ಲ’ ಎಂಬ ಬೋರ್ಡ್ ಸುಳ್ಳಲ್ಲ, ಅದೇ ಅದರ ಚಮತ್ಕಾರ. ಶುಲ್ಕವನ್ನು ಬೇರೆ ಸಾಲಿನಲ್ಲಿ ಬರೆಯುವ ಬದಲು ದರದೊಳಗೆ ಕರಗಿಸಿದ್ದಾರೆ. ನೀವು ಕೊಟ್ಟ ಸಾವಿರ ಡಾಲರಿಗೆ ನಡುವಿನ ದರದಲ್ಲಿ 909.09 ಯೂರೋ ಆಗುತ್ತದೆ, ಬಂದದ್ದು 865.80. ವ್ಯತ್ಯಾಸ 43.29 ಯೂರೋ, ಅಂದರೆ ಶೇಕಡಾ 4.8ರ ಹತ್ತಿರ. (ದರ ಏರಿಸಿದ್ದು ಐದು, ನಷ್ಟ ಮಾತ್ರ 4.8 ಹೇಗೆ ಎಂದು ಕೇಳುವ ಲೆಕ್ಕದ ಮೇಷ್ಟರು ಇರುತ್ತಾರೆ. ನೀವಿಲ್ಲಿ ದರದಿಂದ ಭಾಗಿಸುತ್ತಿದ್ದೀರಿ, 1.05ರಿಂದ ಭಾಗಿಸಿದರೆ ನೂರು 95.24 ಆಗುತ್ತದೆ, 95 ಅಲ್ಲ.)

ಪಕ್ಕದಲ್ಲೇ ಇನ್ನೊಂದು ಕೌಂಟರ್ ಇದೆ ಎಂದುಕೊಳ್ಳೋಣ. ಅಲ್ಲಿ ಯೂರೋ 1.122ಕ್ಕೆ ಸಿಗುತ್ತದೆ, ಅಂದರೆ ನಡುವಿನ ದರದ ಮೇಲೆ ಎರಡೇ ಪರ್ಸೆಂಟ್. ಆದರೆ ಪ್ರತಿ ವ್ಯವಹಾರಕ್ಕೆ 5 ಡಾಲರ್ ಕಮಿಷನ್ ಎಂದು ಎದ್ದು ಕಾಣುವಂತೆ ಬರೆದಿದ್ದಾರೆ. ಅದನ್ನು ನೋಡಿದವರು ಮೊದಲನೆಯ ಕೌಂಟರಿನತ್ತ ತಿರುಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಲೆಕ್ಕ ಹಾಕಿ ನೋಡಿ. 1000ದಲ್ಲಿ 5 ಕಳೆದು 995, ಅದನ್ನು 1.122ರಿಂದ ಭಾಗಿಸಿದರೆ 886.81 ಯೂರೋ. ಕಮಿಷನ್ ತೆಗೆದುಕೊಂಡ ಅಂಗಡಿಯೇ ನಿಮಗೆ 21 ಯೂರೋ ಹೆಚ್ಚು ಕೊಡುತ್ತಿತ್ತು.

ಹಾಗೆಂದು ಎರಡನೆಯ ಅಂಗಡಿಯೇ ಯಾವಾಗಲೂ ಮೇಲು ಎಂದಲ್ಲ. ನೂರೇ ಡಾಲರ್ ಬದಲಿಸಬೇಕಾಗಿದ್ದರೆ ಮೊದಲನೆಯ ಕಡೆ 86.58 ಬರುತ್ತದೆ, ಎರಡನೆಯ ಕಡೆ 84.67. ಸಣ್ಣ ಮೊತ್ತದಲ್ಲಿ ಆ ಐದು ಡಾಲರೇ ಭಾರ. ಈ ಎರಡು ಅಂಗಡಿಗಳು ಸಮಸಮ ಆಗುವುದು 175 ಡಾಲರಿನಲ್ಲಿ. ಅದಕ್ಕಿಂತ ಕಡಿಮೆಯಿದ್ದರೆ ಕಮಿಷನ್ ಇಲ್ಲದ ಕಡೆ ಲಾಭ, ಹೆಚ್ಚಿದ್ದರೆ ಕಮಿಷನ್ ಇರುವ ಕಡೆ. ಹೀಗಾಗಿ ಮೊತ್ತ ಎಷ್ಟೆಂದು ಹೇಳದೆ ‘ಎಲ್ಲಿ ದರ ಚೆನ್ನಾಗಿದೆ’ ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ.

ಇನ್ನು ಬೋರ್ಡಿನ ಎರಡು ಕಾಲಂಗಳ ವಿಷಯ. ‘ಕೊಳ್ಳುವ ದರ’, ‘ಮಾರುವ ದರ’ ಎಂದು ಬರೆದಿರುವುದು ಅಂಗಡಿಯವನ ಕಡೆಯಿಂದ, ನಿಮ್ಮ ಕಡೆಯಿಂದಲ್ಲ. ನೀವು ಯೂರೋ ಕೊಳ್ಳಲು ಹೋದಾಗ ಅವನು ಮಾರುತ್ತಿದ್ದಾನೆ, ಆದ್ದರಿಂದ ಅವನ ಮಾರುವ ದರ ನಿಮ್ಮದು. ಗೊಂದಲವಾದರೆ ಒಂದು ಸುಲಭದ ಗುರುತು ಇದೆ: ಎರಡರಲ್ಲಿ ನಿಮಗೆ ಯಾವುದು ನಷ್ಟವೋ ಅದೇ ನಿಮ್ಮ ದರ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಬೆಳಿಗ್ಗೆ ಒಂದು ಕರೆನ್ಸಿಯ ಎರಡು ಅಂಕಿಗಳನ್ನು ಅದಲುಬದಲು ಮಾಡಿ ಬೋರ್ಡಿಗೆ ಹಾಕಿಬಿಟ್ಟಿದ್ದೆ. ಮೊದಲು ಬಂದ ಗಿರಾಕಿ ಒಬ್ಬ ನಿವೃತ್ತ ಗುಮಾಸ್ತರು. ಬೋರ್ಡನ್ನು ಒಂದು ನಿಮಿಷ ನೋಡಿ, ‘ಇವತ್ತು ನಿಮ್ಮಲ್ಲಿ ಕೊಂಡು ನಿಮಗೇ ಮಾರುತ್ತ ಕೂತರೆ ಸಂಜೆಗೆ ನಾನು ಸಾಹುಕಾರ ಆಗ್ತೇನಲ್ಲಪ್ಪಾ’ ಎಂದು ನಕ್ಕರು. ಅವರು ನಕ್ಕು ಹೇಳಿದ್ದರಿಂದ ನನ್ನ ನೌಕರಿ ಉಳಿಯಿತು.

ಈ ಎರಡು ಕಾಲಂಗಳ ನಡುವಿನ ಹರವನ್ನು ನೋಡಿದರೆ ಅಂಗಡಿಯ ಬಂಡವಾಳ ಗೊತ್ತಾಗುತ್ತದೆ. ನಿಮ್ಮ ಕೌಂಟರ್ ಯೂರೋವನ್ನು 1.155ಕ್ಕೆ ಮಾರಿದೆ. ಮಾರುವಾಗ ಐದು ಏರಿಸಿದವನು ಕೊಳ್ಳುವಾಗಲೂ ಐದು ಇಳಿಸುತ್ತಾನೆ ಎಂದು ಹಿಡಿದರೆ ಕೊಳ್ಳುವ ದರ 1.045 ಆಗುತ್ತದೆ. ಪ್ರವಾಸ ಮುಗಿದು 200 ಯೂರೋ ಉಳಿಯಿತು ಎನ್ನಿ. ಹೋಗುವಾಗ ಅದಕ್ಕೆ ನೀವು ತೆತ್ತದ್ದು 231 ಡಾಲರ್, ಅದೇ ಕೌಂಟರಿಗೆ ವಾಪಸ್ ಕೊಟ್ಟರೆ ಸಿಗುವುದು 209. ಮಾರುಕಟ್ಟೆ ಒಂದು ಚೂರೂ ಅಲುಗದಿದ್ದರೂ 22 ಡಾಲರ್, ಹೆಚ್ಚುಕಡಿಮೆ ಹತ್ತನೇ ಒಂದು ಭಾಗ, ಹೋಗಿಬರುವ ದಾರಿಯಲ್ಲೇ ಸವೆಯಿತು. ಗೂಗಲ್ ದರ ಕೈಯಲ್ಲಿ ಇಲ್ಲದಿದ್ದಾಗಲೂ ಇದೊಂದು ಒಳ್ಳೆಯ ಪರೀಕ್ಷೆ. ಬೋರ್ಡಿನ ಎರಡು ದರಗಳನ್ನು ಕೂಡಿಸಿ ಅರ್ಧ ಮಾಡಿದರೆ ನಡುವಿನ ದರದ ಹತ್ತಿರಕ್ಕೆ ಬರುತ್ತೀರಿ. ಆದರೆ ಕೆಲವರು ಕೊಳ್ಳುವ ಕಡೆ ಕಡಿಮೆ, ಮಾರುವ ಕಡೆ ಹೆಚ್ಚು ಅಂಚು ಇಡುತ್ತಾರೆ. ಹಾಗಾಗಿ ಇದು ಅಂದಾಜು ಅಷ್ಟೇ. ಇನ್ನು ಕೆಲವು ಕಡೆ ಆಕರ್ಷಕವಾದ ಒಂದೇ ದರ ಬರೆದು, ‘ಇಷ್ಟು ಸಾವಿರಕ್ಕೆ ಮೇಲ್ಪಟ್ಟು’ ಎಂಬುದನ್ನು ಇರುವೆಯಷ್ಟು ಅಕ್ಷರದಲ್ಲಿ ಹಾಕಿರುತ್ತಾರೆ. ಬೋರ್ಡಿನಲ್ಲಿ ಒಂದೇ ಕಾಲಂ ಕಂಡರೆ ನಾನಂತೂ ಎರಡನೆಯದನ್ನು ಕೇಳದೆ ದುಡ್ಡು ತೆಗೆಯುವುದಿಲ್ಲ.

ಈಗ ಬ್ಯಾಂಕಿಗೆ ಬರೋಣ. ಬ್ಯಾಂಕಿನಲ್ಲಿ ಒಂದೇ ಕರೆನ್ಸಿಗೆ ಒಂದಕ್ಕಿಂತ ಹೆಚ್ಚು ಜೋಡಿ ದರಗಳಿರುತ್ತವೆ. ಖಾತೆಯಿಂದ ಖಾತೆಗೆ ಹೋಗುವ ಹಣಕ್ಕೆ ಒಂದು ಜೋಡಿ, ನೋಟಿಗೆ ಇನ್ನೊಂದು. ನೋಟಿನ ದರ ಯಾವಾಗಲೂ ಕೆಟ್ಟದ್ದು, ಕಾರಣ ಆಗಲೇ ಹೇಳಿದ ತಿಜೋರಿ, ವಾಹನ, ವಿಮೆ. ಬ್ಯಾಂಕಿನ ತಾಣದಲ್ಲಿ ವರ್ಗಾವಣೆಯ ದರ ನೋಡಿಕೊಂಡು ಹೋಗಿ ನೋಟು ಕೇಳಿ, ‘ನಿಮ್ಮ ತಾಣದಲ್ಲೇ ಬೇರೆ ಇದೆಯಲ್ಲ’ ಎಂದು ಜಗಳ ತೆಗೆಯುವವರು ವಾರಕ್ಕೆ ಒಬ್ಬರಾದರೂ ಇದ್ದೇ ಇರುತ್ತಿದ್ದರು. ಇಬ್ಬರದೂ ತಪ್ಪಿಲ್ಲ, ನೋಡಿದ ಸಾಲು ಬೇರೆ.

ವರ್ಗಾವಣೆಯ ದರ ನಡುವಿನ ದರಕ್ಕೆ ಹತ್ತಿರ ಇರುತ್ತದೆ ನಿಜ, ಆದರೆ ಅಲ್ಲಿ ಶುಲ್ಕ ಬೇರೆ ಬೇರೆ ಜಾಗದಲ್ಲಿ ಅಡಗಿ ಕುಳಿತಿರುತ್ತದೆ. ನಿಮ್ಮದೇ ಸಾವಿರ ಡಾಲರನ್ನು ಯೂರೋ ಖಾತೆಯೊಂದಕ್ಕೆ ಕಳಿಸುತ್ತೀರಿ, ಬ್ಯಾಂಕಿನ ದರ 1.122, ಕಳಿಸುವ ಶುಲ್ಕ 20 ಡಾಲರ್ ಎಂದುಕೊಳ್ಳಿ. 980ನ್ನು 1.122ರಿಂದ ಭಾಗಿಸಿ 873.44 ಯೂರೋ ಹೊರಡುತ್ತದೆ. ಎರಡು ಬ್ಯಾಂಕುಗಳ ನಡುವೆ ನೇರ ಸಂಬಂಧವಿಲ್ಲದಿದ್ದರೆ ಮಧ್ಯದಲ್ಲಿ ಇನ್ನೊಂದು ಬ್ಯಾಂಕು ಹಣವನ್ನು ದಾಟಿಸುತ್ತದೆ. ಅದು ತನ್ನ ಕೂಲಿಯನ್ನು ಹಣದಿಂದಲೇ ಮುರಿದುಕೊಳ್ಳುತ್ತದೆ, 15 ಯೂರೋ ಎನ್ನಿ. ತಲುಪಿದ್ದು 858.44. ನೀವು ಬೈದುಕೊಂಡ ಆ ಕೌಂಟರಿಗಿಂತ ಇದು ಕಡಿಮೆ! ಇದೇ ದರ, ಇದೇ ಶುಲ್ಕದಲ್ಲಿ ಹತ್ತು ಸಾವಿರ ಡಾಲರ್ ಕಳಿಸಿದ್ದರೆ ತಲುಪುತ್ತಿದ್ದುದು 8879.83 ಯೂರೋ, ಒಟ್ಟು ನಷ್ಟ ಶೇಕಡಾ 2.3 ಅಷ್ಟೇ. ಕಳಿಸುವ ಅರ್ಜಿಯಲ್ಲಿ ಶುಲ್ಕ ಯಾರದು ಎಂದು ಕೇಳುವ ಜಾಗದಲ್ಲಿ OUR, SHA, BEN ಎಂಬ ಮೂರು ಆಯ್ಕೆಗಳಿರುತ್ತವೆ. OUR ಎಂದರೆ ಎಲ್ಲ ಶುಲ್ಕ ಕಳಿಸುವವರದು, BEN ಎಂದರೆ ಪಡೆಯುವವರದು, SHA ಎಂದರೆ ಹಂಚಿಕೆ. ಆ ಕಡೆ ಇಂತಿಷ್ಟೇ ಮುಟ್ಟಬೇಕು ಎಂಬ ಪಾವತಿಯಾದರೆ ಇದನ್ನು ಗಮನಿಸದೆ ಸಹಿ ಹಾಕಬೇಡಿ.

ಕಾರ್ಡಿನ ಮಾತು ಬೇರೆ. ವೀಸಾ, ಮಾಸ್ಟರ್‌ಕಾರ್ಡ್‌ನಂಥ ಜಾಲಗಳು ತಮ್ಮದೇ ದರ ಪ್ರಕಟಿಸುತ್ತವೆ, ಅದು ಗೂಗಲ್ ಸಂಖ್ಯೆಗೆ ಸಾಕಷ್ಟು ಹತ್ತಿರ. ಅದರ ಮೇಲೆ ನಿಮಗೆ ಕಾರ್ಡ್ ಕೊಟ್ಟ ಬ್ಯಾಂಕು ಇಂತಿಷ್ಟು ಪರ್ಸೆಂಟ್ ಸೇರಿಸುತ್ತದೆ. ಕೆಲವು ಏನೂ ಸೇರಿಸುವುದಿಲ್ಲ, ಹಲವು ಮೂರರ ಆಸುಪಾಸಿನಲ್ಲಿ ಸೇರಿಸುತ್ತವೆ. ಆದ್ದರಿಂದ ಒಳ್ಳೆಯ ಕಾರ್ಡ್ ಇದ್ದರೆ ನೋಟಿಗಿಂತ ಅದೇ ಅಗ್ಗ. ಆದರೆ ಅಂಗಡಿಯ ಯಂತ್ರ ನಡುವೆ ಒಂದು ಪ್ರಶ್ನೆ ಕೇಳುತ್ತದೆ: ಯೂರೋದಲ್ಲಿ ಕೊಡುತ್ತೀರೋ, ನಿಮ್ಮ ಸ್ವಂತ ಕರೆನ್ಸಿಯಲ್ಲೋ? ಸ್ವಂತ ಕರೆನ್ಸಿ ಕಂಡಾಗ ಮನಸ್ಸಿಗೆ ಹಾಯೆನಿಸುತ್ತದೆ. ಅದನ್ನು ಒತ್ತಿದರೆ ದರ ನಿಗದಿ ಮಾಡುವ ಅಧಿಕಾರ ಕಾರ್ಡ್ ಜಾಲದಿಂದ ಅಂಗಡಿಯವನ ಕಡೆಯ ಕಂಪನಿಗೆ ಹೋಗುತ್ತದೆ, ಅವರ ಅಂಚು ಸಾಮಾನ್ಯವಾಗಿ ದಪ್ಪವೇ. ನಾನು ಯಾವಾಗಲೂ ಆ ಊರಿನ ಕರೆನ್ಸಿಯನ್ನೇ ಒತ್ತುತ್ತೇನೆ. ಎಟಿಎಂನಲ್ಲೂ ಹಾಗೆಯೇ. ಯೂರೋಪಿನ ಒಕ್ಕೂಟದೊಳಗೆ ಇದಕ್ಕೊಂದು ಒಳ್ಳೆಯ ಕಾನೂನು ಬಂದಿದೆ. 2019ರಲ್ಲಿ ಒಪ್ಪಿ 2020ರಿಂದ ಜಾರಿಗೆ ತಂದ ಆ ನಿಯಮದ ಪ್ರಕಾರ, ಹೀಗೆ ಪರಿವರ್ತಿಸುವವರು ಕೇಂದ್ರೀಯ ಬ್ಯಾಂಕಿನ ಉಲ್ಲೇಖ ದರಕ್ಕಿಂತ ತಾವು ಎಷ್ಟು ಪರ್ಸೆಂಟ್ ಹೆಚ್ಚು ತೆಗೆದುಕೊಳ್ಳುತ್ತಿದ್ದೇವೆ ಎಂದು ಮೊದಲೇ ತೋರಿಸಬೇಕು. ಉಲ್ಲೇಖ ದರದಲ್ಲಿ ವ್ಯಾಪಾರ ಮಾಡಬೇಡಿ ಎಂದು ಬ್ಯಾಂಕು ಹೇಳುತ್ತದೆ, ವ್ಯಾಪಾರ ಎಷ್ಟು ದುಬಾರಿ ಎಂದು ಅಳೆಯಲು ಅದನ್ನೇ ಬಳಸಿ ಎಂದು ಕಾನೂನು ಹೇಳುತ್ತದೆ. ನಿಮಗೆ ಗೂಗಲ್ ದರದ ಉಪಯೋಗವೂ ಇದೇ: ಅದು ಅಳತೆಗೋಲು.

ಅಳತೆಗೋಲೇ ಡೊಂಕಾಗಿರುವ ಸಂದರ್ಭಗಳೂ ಉಂಟು. ಫಾರೆಕ್ಸ್ ಮಾರುಕಟ್ಟೆ ವಾರಕ್ಕೆ ಐದು ದಿನ ಹಗಲೂ ರಾತ್ರಿ ನಡೆಯುತ್ತದೆ, ನ್ಯೂಯಾರ್ಕಿನಲ್ಲಿ ಶುಕ್ರವಾರ ಸಂಜೆ ಬಾಗಿಲು ಹಾಕುತ್ತದೆ. ಶನಿವಾರ, ಭಾನುವಾರ ನೀವು ನೋಡುವುದು ಬಹುತೇಕ ಶುಕ್ರವಾರದ ಹಳಸಲು. ಕೌಂಟರಿನವನಿಗೆ ಸೋಮವಾರ ಏನು ಕಾದಿದೆಯೋ ತಿಳಿಯದು, ಆದ್ದರಿಂದ ವಾರಾಂತ್ಯದಲ್ಲಿ ಮೆತ್ತೆ ಇನ್ನಷ್ಟು ದಪ್ಪ ಮಾಡುತ್ತಾನೆ. ರಜೆಯ ದಿನಗಳಲ್ಲಿ ವ್ಯವಹಾರವೇ ಇಲ್ಲದಿರುವಾಗ ದತ್ತಾಂಶ ಒದಗಿಸುವವರ ಕಡೆಯಿಂದ ಒಂದು ತಪ್ಪು ಸಂಖ್ಯೆ ಬಂದರೆ ಅದನ್ನು ಸರಿಪಡಿಸಲು ಇನ್ನೊಂದು ವ್ಯವಹಾರ ಇರುವುದಿಲ್ಲ, ತಪ್ಪೇ ಪರದೆಯ ಮೇಲೆ ಉಳಿಯುತ್ತದೆ. 2024ರ ಜನವರಿ 1ರಂದು, ಮಾರುಕಟ್ಟೆ ಮುಚ್ಚಿದ್ದಾಗ, ಪೋಲೆಂಡಿನ ಜ್ಲೋಟಿ ಒಂದೇ ಏಟಿಗೆ ಐದನೇ ಒಂದು ಭಾಗದಷ್ಟು ಕುಸಿದಂತೆ ಗೂಗಲ್ ತೋರಿಸಿತು. ಜನ ಗಾಬರಿಯಾದರು. ಅದು ತಪ್ಪು ದರ, ಗಾಬರಿ ಬೇಡ ಎಂದು ಆ ದೇಶದ ಹಣಕಾಸು ಸಚಿವರೇ ಹೇಳಬೇಕಾಯಿತು. ಅದೇ ವರ್ಷದ ಮಾರ್ಚಿನಲ್ಲಿ ಮಲೇಷ್ಯಾದ ರಿಂಗಿಟ್ ಡಾಲರಿಗೆ 4.7ರ ಆಸುಪಾಸಿನಲ್ಲಿದ್ದಾಗ ಗೂಗಲ್ 4.98 ಎಂದು ತೋರಿಸಿತು, ಅಲ್ಲಿನ ಕೇಂದ್ರೀಯ ಬ್ಯಾಂಕು ಅದು ತಪ್ಪೆಂದು ಹೇಳಿಕೆ ಕೊಟ್ಟು ಗೂಗಲ್‌ನಿಂದ ವಿವರಣೆ ಕೇಳಿತು. ದರದ ನಕ್ಷೆಯಲ್ಲಿ ಗೋಡೆಯಂತೆ ನೆಟ್ಟಗೆ ಏರಿದ ಅಥವಾ ಇಳಿದ ಗೆರೆ ಕಂಡರೆ, ಅಂಥದ್ದಕ್ಕೆ ಕಾರಣವಾಗುವ ಸುದ್ದಿ ಎಲ್ಲೂ ಇಲ್ಲದಿದ್ದರೆ, ಆ ದೇಶದ ಕೇಂದ್ರೀಯ ಬ್ಯಾಂಕಿನ ತಾಣದಲ್ಲಿ ಕೊನೆಯ ದರ ನೋಡಿ. ಎರಡೂ ತಾಳೆಯಾಗದಿದ್ದರೆ ಬ್ಯಾಂಕಿನದನ್ನು ನಂಬಿ.

ಇದಕ್ಕಿಂತ ಗಂಭೀರವಾದದ್ದು, ದರವೇ ಎರಡಾಗಿರುವ ದೇಶಗಳು. ಲೆಬನಾನಿನಲ್ಲಿ 1997ರಿಂದ ಡಾಲರಿಗೆ 1507.5 ಪೌಂಡ್ ಎಂಬುದು ಅಧಿಕೃತ ದರವಾಗಿತ್ತು. 2019ರ ನಂತರ ಬ್ಯಾಂಕುಗಳು ಕುಸಿದು ಬೀದಿಯ ದರ ಹತ್ತಾರು ಸಾವಿರಕ್ಕೆ ಹೋದರೂ ಅಧಿಕೃತ ದರ ಜಪ್ಪಯ್ಯ ಎನ್ನಲಿಲ್ಲ. 2023ರ ಫೆಬ್ರವರಿಯಲ್ಲಿ ಅದನ್ನು 15,000ಕ್ಕೆ ಬದಲಿಸಿದಾಗಲೂ ಬೀದಿಯಲ್ಲಿ ಅದರ ಕೆಲವು ಪಟ್ಟು ನಡೆಯುತ್ತಿತ್ತು. ಹುಡುಕು ತಾಣಕ್ಕೆ ಅಧಿಕೃತ ದರ ಸಿಗುತ್ತದೆ, ಬೀದಿಯದು ಸಿಗುವುದು ಕಷ್ಟ. ಇಂಥ ಕಡೆ ಪರದೆಯ ಸಂಖ್ಯೆಯಿಂದ ಲೆಕ್ಕ ಹಾಕಿದರೆ ಪರ್ಸೆಂಟಿನಷ್ಟಲ್ಲ, ಪಟ್ಟುಗಟ್ಟಲೆ ತಪ್ಪುತ್ತೀರಿ. ನಾನು ಮೇಲೆ ಹಾಕಿದ ಲೆಕ್ಕಗಳು ಡಾಲರ್, ಯೂರೋಗಳಂತೆ ಮುಕ್ತವಾಗಿ ಕೈ ಬದಲಾಗುವ ಕರೆನ್ಸಿಗಳಿಗೆ ಮಾತ್ರ ಹೊಂದುತ್ತವೆ.

ಮುಂದಿನ ಸಲ ಕೌಂಟರಿನ ಮುಂದೆ ನಿಂತಾಗ ‘ದರ ಎಷ್ಟು’ ಎಂದು ಕೇಳಬೇಡಿ. ‘ಸಾವಿರ ಡಾಲರ್ ಕೊಡುತ್ತೇನೆ, ಎಲ್ಲ ಕಳೆದು ನನ್ನ ಕೈಗೆ ಎಷ್ಟು ಯೂರೋ ಬರುತ್ತದೆ’ ಎಂದು ಕೇಳಿ. ದರ, ಕಮಿಷನ್, ತೆರಿಗೆ, ಸೇವಾ ಶುಲ್ಕ ಎಲ್ಲವೂ ಆ ಒಂದು ಸಂಖ್ಯೆಯೊಳಗೆ ಬಂದು ಬೀಳುತ್ತವೆ. ಆಮೇಲೆ ಮೊಬೈಲಿನಲ್ಲಿ ಇಷ್ಟು ಮಾಡಿದರಾಯಿತು:

```
ನಷ್ಟ % = (1 − ಕೈಗೆ ಬಂದದ್ದು ÷ ಗೂಗಲ್ ತೋರಿಸಿದ್ದು) × 100
ನಿಮ್ಮದು: (1 − 865.80 ÷ 909.09) × 100 = 4.76
```

ಎಷ್ಟಾದರೆ ನ್ಯಾಯ ಎಂದು ಕೇಳುತ್ತೀರಿ. ಇದು ನನ್ನ ಅನುಭವದ ಅಭಿಪ್ರಾಯ, ಕಾನೂನಲ್ಲ. ಎಲ್ಲ ಕಡೆ ಓಡಾಡುವ ಕರೆನ್ಸಿಯ ನೋಟುಗಳಿಗೆ ನೂರಕ್ಕೆ ಎರಡರೊಳಗೆ ಹೋದರೆ ಒಳ್ಳೆಯ ವ್ಯವಹಾರ. ಮೂರೂವರೆವರೆಗೆ ಒಪ್ಪಬಹುದು. ಐದು ಮುಟ್ಟಿದರೆ ಇನ್ನೊಂದು ಅಂಗಡಿಗೆ ನಡೆದುಹೋಗುವಷ್ಟು ಕಾರಣ ಸಿಕ್ಕಿತು. ಅಪರೂಪದ ಕರೆನ್ಸಿಯಾದರೆ ಈ ಅಳತೆ ನಡೆಯದು; ಅಲ್ಲಿ ಏಳೆಂಟು ಹೋದರೂ ಅಂಗಡಿಯವನನ್ನು ನಾನು ದೂರುವುದಿಲ್ಲ.

ಉಳಿದು ಬರುವ ನೋಟುಗಳ ಬಗ್ಗೆ ಒಂದು ಮಾತು. ಕೆಲವು ಕಡೆ, ರಸೀದಿ ತಂದರೆ ಮಾರಿದ ದರಕ್ಕೇ ಇಷ್ಟು ದಿನದೊಳಗೆ ವಾಪಸ್ ಕೊಳ್ಳುತ್ತೇವೆ ಎಂಬ ಏರ್ಪಾಡು ಇರುತ್ತದೆ, ಕೆಲವೊಮ್ಮೆ ಅದಕ್ಕೆ ಪುಟ್ಟ ಶುಲ್ಕವೂ ಇರುತ್ತದೆ. ನೀವು ಕೊಂಡ ಕೌಂಟರಿನ ರಸೀದಿಯ ಹಿಂಬದಿ ಒಮ್ಮೆ ನೋಡಿ, ಆ ಮಾತು ಅಲ್ಲಿ ಇರಬಹುದು. ನಾಣ್ಯಗಳನ್ನು ಮಾತ್ರ ಅಲ್ಲೇ ಖರ್ಚು ಮಾಡಿ ಬನ್ನಿ. ಅವನ್ನು ಕೊಳ್ಳುವ ಕೌಂಟರ್ ಸಿಗುವುದು ಕಷ್ಟ.